ಶಾಲು ಸುತ್ತಿ ಹೊಡೆಯುವ ಇಮೇಲ್: ‘ಪರ್ ಮೈ ಲಾಸ್ಟ್ ಇಮೇಲ್’ ಚುಚ್ಚುವುದು ಹೇಗೆ?

2020ರ ಲಾಕ್‌ಡೌನ್‌ನಲ್ಲಿ ಲ್ಯಾಪ್‌ಟಾಪ್ ಚೀಲ ಹೊತ್ತು ಬೆಂಗಳೂರಿನಿಂದ ದಾವಣಗೆರೆಗೆ ಬಂದವರಲ್ಲಿ ಕೆಲವರು ಇಂದಿಗೂ ಇಲ್ಲಿಂದಲೇ ಕೆಲಸ ಮಾಡುತ್ತಿದ್ದಾರೆ. ಅವರ ಜೊತೆಗೆ, ಇಲ್ಲಿನ ಕಾಲೇಜುಗಳಲ್ಲೇ ಬಿ.ಕಾಂ., ಬಿ.ಇ. ಮುಗಿಸಿ, ಬೆಂಗಳೂರಿನ ಕಚೇರಿಗೆ ಅಪರೂಪಕ್ಕೊಮ್ಮೆ ಮುಖ ತೋರಿಸಿ ಬರುವ ಹೊಸಬರೂ ಸೇರಿಕೊಂಡಿದ್ದಾರೆ. ಪಕ್ಕದ ಮೇಜಿನವರ ಮುಖ ನೋಡಿ ಅವರ ಮನಸ್ಸು ಅಳೆಯುವ ಅವಕಾಶ ಇವರಿಗಿಲ್ಲ. ಇಡೀ ಕಚೇರಿ ಇವರ ಪಾಲಿಗೆ ಇಮೇಲ್ ಮತ್ತು ಚಾಟ್‌ನ ರೂಪದಲ್ಲಿ ಮಾತ್ರ ಇದೆ.

ಆ ಇಮೇಲ್‌ಗಳ ಇಂಗ್ಲಿಷು ವಿಚಿತ್ರ. ಒಂದೊಂದು ಪದದ ಅರ್ಥವೂ ಗೊತ್ತಿರುತ್ತದೆ, ಬೈಗುಳದ ಸುಳಿವೂ ಇರುವುದಿಲ್ಲ. ಆದರೂ ಓದಿ ಮುಗಿಸಿದ ಮೇಲೆ ಯಾರೋ ನಾಲ್ಕು ಜನರೆದುರು ತಲೆಗೆ ಮೊಟಕಿದಂತೆ ಅನ್ನಿಸುತ್ತದೆ. ಶಾಲಿನಲ್ಲಿ ಚಪ್ಪಲಿ ಸುತ್ತಿ ಹೊಡೆಯುವುದು ಎಂದು ನಮ್ಮಲ್ಲಿ ಹೇಳುತ್ತಾರಲ್ಲ, ಇದು ಅದೇ. ಶಾಲು ಎಲ್ಲರಿಗೂ ಕಾಣುತ್ತದೆ, ಪೆಟ್ಟು ತಿಂದವನಿಗೆ ಮಾತ್ರ ಒಳಗಿನದು ಗೊತ್ತಾಗುತ್ತದೆ. ಆ ಪೆಟ್ಟು ಹೇಗೆ ಬೀಳುತ್ತದೆ, ಯಾವಾಗ ಅದು ನಿಜಕ್ಕೂ ಪೆಟ್ಟು, ಯಾವಾಗ ನಮ್ಮ ಕಲ್ಪನೆ ಎಂಬುದನ್ನು ಒಂದೇ ಒಂದು ನುಡಿಗಟ್ಟನ್ನು ಹಿಡಿದು ನೋಡೋಣ: ‘ಪರ್ ಮೈ ಲಾಸ್ಟ್ ಇಮೇಲ್’.

## ಮೊದಲು, ಈ ಮಾತುಗಳು ಬರುವ ಕ್ರಮ

ಕಚೇರಿಯ ಇಮೇಲ್‌ನಲ್ಲಿ ಒತ್ತಡ ಒಮ್ಮೆಲೇ ಬರುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಕೆಲಸ ಹೇಳಿದ ಮೊದಲ ಇಮೇಲ್‌ಗೆ ಉತ್ತರ ಬರದಿದ್ದರೆ ಒಂದೆರಡು ದಿನದಲ್ಲಿ ‘ಜಸ್ಟ್ ಸರ್ಕ್ಲಿಂಗ್ ಬ್ಯಾಕ್ ಆನ್ ದಿಸ್’ ಎಂದು ಬರುತ್ತದೆ. ‘ಆ ವಿಷಯ ಏನಾಯಿತು?’ ಎಂದು ಮತ್ತೆ ಕೇಳುವ ರೀತಿ ಇದು. ನಮ್ಮ ದೇಶದ ಕಚೇರಿಗಳಲ್ಲಿ ಇದರ ಜಾಗದಲ್ಲಿ ‘ಜೆಂಟಲ್ ರಿಮೈಂಡರ್’ ಹೆಚ್ಚು ಕಾಣುತ್ತದೆ. ಇಲ್ಲಿಯವರೆಗೆ ಸಾಮಾನ್ಯವಾಗಿ ಕೋಪವಿಲ್ಲ. ಕೇಳುವವನಿಗೂ ಇನ್ನೊಬ್ಬರಿಗೆ ಲೆಕ್ಕ ಒಪ್ಪಿಸಬೇಕಿರುತ್ತದೆ, ಅಷ್ಟೇ.

ಅದಾದ ಮೇಲೂ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರದಲ್ಲಿ ಮೊದಲೇ ಹೇಳಿದ್ದನ್ನೇ ಮತ್ತೆ ಕೇಳಿದ್ದರೆ, ಮೂರನೆಯ ಮೆಟ್ಟಿಲು. ‘ನನ್ನ ಹಿಂದಿನ ಇಮೇಲ್‌ನಲ್ಲಿ ತಿಳಿಸಿದಂತೆ’ ಎಂಬ ಅರ್ಥದ ‘ಪರ್ ಮೈ ಲಾಸ್ಟ್ ಇಮೇಲ್’ ಬರುವುದು ಇಲ್ಲಿ. ನಾಲ್ಕನೆಯದು ‘ಲೂಪಿಂಗ್ ಇನ್’. ಅಂದರೆ ಅಷ್ಟರವರೆಗೆ ಇಬ್ಬರ ನಡುವೆ ಇದ್ದ ಮಾತಿಗೆ ಮೂರನೆಯವರನ್ನು, ಬಹುತೇಕ ಮೇಲಧಿಕಾರಿಯನ್ನು, ಸೇರಿಸುವುದು. ‘ಫಾರ್ ವಿಸಿಬಿಲಿಟಿ’, ಅವರ ಗಮನದಲ್ಲಿರಲಿ ಎಂದು, ಎನ್ನುವುದು ಅದರ ಬಾಲ.

ಅಡೋಬಿ ಕಂಪನಿ 2018ರಲ್ಲಿ ಅಮೆರಿಕದ ಕಚೇರಿ ನೌಕರರನ್ನು, ಇಮೇಲ್‌ನ ಯಾವ ಮಾತು ನಿಮಗೆ ಅತಿ ಹೆಚ್ಚು ಕಿರಿಕಿರಿ ಮಾಡುತ್ತದೆ ಎಂದು ಕೇಳಿತ್ತು. ಶೇ 25 ಮಂದಿ ‘ನೀವು ನನ್ನ ಹಿಂದಿನ ಇಮೇಲ್ ನೋಡಿದಿರೋ ಇಲ್ಲವೋ ಗೊತ್ತಿಲ್ಲ’ ಎಂಬುದನ್ನು ಆರಿಸಿದರು. ಶೇ 13 ಮಂದಿ ಆರಿಸಿದ ‘ಪರ್ ಮೈ ಲಾಸ್ಟ್ ಇಮೇಲ್’ ಎರಡನೆಯ ಸ್ಥಾನದಲ್ಲಿತ್ತು. ಎರಡೂ ಹೇಳುವುದು ಒಂದನ್ನೇ: ನೀನು ಓದಿಲ್ಲ.

## ಒಂದು ಪ್ರಕರಣ

ಉದಾಹರಣೆಗೆಂದು ಒಂದು ಕಲ್ಪಿತ ಪ್ರಕರಣ ಇಟ್ಟುಕೊಳ್ಳೋಣ. ಶ್ವೇತಾ ವಿದ್ಯಾನಗರದ ಮನೆಯಿಂದ ಬೆಂಗಳೂರಿನ ಒಂದು ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುತ್ತಾಳೆ. ತಿಂಗಳಿಗೊಮ್ಮೆ ಜಿಎಸ್‌ಟಿಆರ್-1, ಅಂದರೆ ಮಾರಾಟದ ಬಿಲ್ಲುಗಳ ವಿವರ, ಸಲ್ಲಿಸುವ ಹೊಣೆ ಅವಳ ತಂಡದ್ದು. ಪ್ರತಿ ತಿಂಗಳು ಸಲ್ಲಿಸುವವರಿಗೆ ಮುಂದಿನ ತಿಂಗಳ 11 ಕೊನೆಯ ದಿನ. ಅದರಲ್ಲಿ ಗ್ರಾಹಕ ಕಂಪನಿಯ ಹದಿನೈದು ಅಕ್ಷರಗಳ ಜಿಎಸ್‌ಟಿ ಸಂಖ್ಯೆ ಒಂದಕ್ಷರ ತಪ್ಪಿದರೂ ಆ ಬಿಲ್ಲಿನ ತೆರಿಗೆ ಅವರ ಖಾತೆಯಲ್ಲಿ ಕಾಣಿಸುವುದಿಲ್ಲ. ಮುಂದಿನ ತಿಂಗಳು ತಿದ್ದಬಹುದು, ಆದರೆ ಅಷ್ಟರಲ್ಲಿ ಗ್ರಾಹಕರ ಫೋನ್ ಬಂದಿರುತ್ತದೆ.

5ನೇ ತಾರೀಖು ಮಾರಾಟ ವಿಭಾಗದ ಅನಿಲ್, ಶ್ವೇತಾಳ ಸಹೋದ್ಯೋಗಿ ಮಂಜುನಾಥನಿಗೆ ಇಮೇಲ್ ಕಳುಹಿಸುತ್ತಾನೆ. ಎರಡು ಬಿಲ್ಲುಗಳಲ್ಲಿ ಗ್ರಾಹಕರ ಜಿಎಸ್‌ಟಿ ಸಂಖ್ಯೆ ತಪ್ಪಾಗಿದೆ, ಸರಿಯಾದ ವಿವರ ಲಗತ್ತಿಸಿದ ಹಾಳೆಯಲ್ಲಿದೆ, 9ರೊಳಗೆ ತಿದ್ದಿ ಎಂಬುದು ಒಕ್ಕಣೆ. ಮಂಜುನಾಥ ಅದಕ್ಕೆ ಉತ್ತರಿಸುತ್ತ ಶ್ವೇತಾಳನ್ನು ಸೇರಿಸಿ, ‘ಇದನ್ನು ಶ್ವೇತಾ ನೋಡಿಕೊಳ್ಳುತ್ತಾರೆ’ ಎಂದು ಬರೆದು ಕೈತೊಳೆದುಕೊಳ್ಳುತ್ತಾನೆ.

7ರಂದು ಅನಿಲ್‌ನಿಂದ ಶ್ವೇತಾಳಿಗೆ ‘ಸರ್ಕ್ಲಿಂಗ್ ಬ್ಯಾಕ್’ ಬರುತ್ತದೆ. ಅವಳು ‘ಶೂರ್, ವಿಲ್ ಚೆಕ್’ ಎಂದು ಉತ್ತರಿಸುತ್ತಾಳೆ. 8ರಂದು ಕೆಲಸಕ್ಕೆ ಕೈ ಹಾಕಿದಾಗ ಯಾವ ಬಿಲ್ಲುಗಳೆಂದು ತಿಳಿಯದೆ, ‘ಆ ಎರಡು ಬಿಲ್ಲುಗಳು ಯಾವುವು?’ ಎಂದು ಕೇಳುತ್ತಾಳೆ. ಹತ್ತೇ ನಿಮಿಷದಲ್ಲಿ ಉತ್ತರ:

‘ಹಾಯ್ ಶ್ವೇತಾ, ಪರ್ ಮೈ ಲಾಸ್ಟ್ ಇಮೇಲ್, ವಿವರಗಳು ಲಗತ್ತಿಸಿದ ಹಾಳೆಯಲ್ಲಿವೆ. ನಿಮ್ಮ ಅನುಕೂಲಕ್ಕಾಗಿ ಮತ್ತೊಮ್ಮೆ ಲಗತ್ತಿಸಿದ್ದೇನೆ. ಗಡುವು ಹತ್ತಿರವಿರುವುದರಿಂದ ವ್ಯವಸ್ಥಾಪಕರನ್ನೂ ಸೇರಿಸಿದ್ದೇನೆ. ಇದರಿಂದ ಸಹಾಯವಾಗುತ್ತದೆಂದು ನಂಬಿದ್ದೇನೆ.’

ಪ್ರತಿ ವಾಕ್ಯವೂ ವಿನಯವೇ. ನಿಮ್ಮ ಅನುಕೂಲ, ಸಹಾಯ, ನಂಬಿಕೆ. ಶ್ವೇತಾಳಿಗೆ ಮಾತ್ರ ಮುಖ ಬಿಸಿಯಾಗುತ್ತದೆ. ಅವಳ ಮನಸ್ಸಿಗೆ ಕೇಳಿಸಿದ್ದು ಇದು: ಮೂರು ದಿನದಿಂದ ಮೇಜಿನ ಮೇಲಿದ್ದುದನ್ನು ನೀನು ತೆರೆದೂ ನೋಡಿಲ್ಲ, ಈಗ ನಿನ್ನ ಸಾಹೇಬರಿಗೂ ಅದು ಗೊತ್ತಾಗಲಿ.

ಈಗ ಅವಳು ಹಿಂದಿನ ಇಮೇಲ್‌ಗಳನ್ನೆಲ್ಲ ತೆರೆದು ಹುಡುಕುತ್ತಾಳೆ. ಎಲ್ಲೂ ಹಾಳೆಯಿಲ್ಲ. ಅನಿಲ್ ಸುಳ್ಳು ಹೇಳಿದನೇ? ಇಲ್ಲ. ಇಮೇಲ್ ತಂತ್ರಾಂಶಗಳ ಒಂದು ಸಣ್ಣ ನಡವಳಿಕೆ ಇಲ್ಲಿ ಕೈಕೊಟ್ಟಿದೆ. ‘ಫಾರ್ವರ್ಡ್’ ಮಾಡಿದರೆ ಹಳೆಯ ಲಗತ್ತು ಜೊತೆಗೇ ಹೋಗುತ್ತದೆ. ‘ರಿಪ್ಲೈ’ ಅಥವಾ ‘ರಿಪ್ಲೈ ಆಲ್’ ಒತ್ತಿದರೆ ಸಾಮಾನ್ಯವಾಗಿ ಹೋಗುವುದಿಲ್ಲ, ಅಕ್ಷರಗಳು ಮಾತ್ರ ಹೋಗುತ್ತವೆ. ಮಂಜುನಾಥ ಶ್ವೇತಾಳನ್ನು ಸೇರಿಸಿದ್ದು ಉತ್ತರ ಬರೆಯುವಾಗ. ಹಾಗಾಗಿ ‘ಲಗತ್ತಿಸಿದ ಹಾಳೆ’ ಎಂಬ ಪದಗಳು ಅವಳಿಗೆ ತಲುಪಿದವು, ಹಾಳೆ ತಲುಪಲಿಲ್ಲ. ಅನಿಲ್‌ನ ಪರದೆಯ ಮೇಲೆ ಅವನು ಕಳುಹಿಸಿದ ಹಾಳೆ ಕಣ್ಣಿಗೆ ಹೊಡೆಯುವಂತೆ ಕಾಣುತ್ತಲೇ ಇದೆ. ಅವನು ಬರೆದದ್ದು ಅವನ ಮಟ್ಟಿಗೆ ನಿಜ, ಅವಳು ಕೇಳಿದ್ದೂ ನ್ಯಾಯ.

ಶ್ವೇತಾಳದ್ದೂ ಒಂದು ಲೋಪವಿದೆ. 7ರಂದು ‘ವಿಲ್ ಚೆಕ್’ ಎನ್ನುವ ಮೊದಲು ಹಾಳೆ ಇದೆಯೇ ಎಂದು ನೋಡಿದ್ದರೆ ವಿಷಯ ಅಲ್ಲೇ ಮುಗಿಯುತ್ತಿತ್ತು. ನೋಡದೆಯೇ ಉತ್ತರಿಸಿದ್ದರಿಂದ, ಹಾಳೆ ತನ್ನ ಬಳಿ ಇದೆ ಎಂದು ಅವಳೇ ಒಪ್ಪಿಕೊಂಡಂತೆ ದಾಖಲೆಯಲ್ಲಿ ಉಳಿಯಿತು. ಕಚೇರಿ ಜಗಳಗಳಲ್ಲಿ ಅರ್ಧ ಹುಟ್ಟುವುದು ಇಂತಹ ಅವಸರದ ‘ಶೂರ್’ಗಳಿಂದ ಎಂದು ನನ್ನ ಅನಿಸಿಕೆ.

## ಚುಚ್ಚು ಪದದಲ್ಲಿಲ್ಲ, ಪದ ಬಂದ ಜಾಗದಲ್ಲಿದೆ

‘ಹಾಳೆಯಲ್ಲಿ ವಿವರ ಇದೆ’ ಎಂದಷ್ಟೇ ಅನಿಲ್ ಬರೆದಿದ್ದರೂ ಶ್ವೇತಾಳಿಗೆ ಬೇಕಾದ ಮಾಹಿತಿ ಸಿಗುತ್ತಿತ್ತು. ‘ಪರ್ ಮೈ ಲಾಸ್ಟ್ ಇಮೇಲ್’ ಎಂಬ ತುಣುಕು ಬಿಲ್ಲಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಹಾಗಿದ್ದ ಮೇಲೆ ಅದು ಅಲ್ಲಿ ಏಕಿದೆ? ಓದುವ ಮನಸ್ಸು ಕೇಳಿಕೊಳ್ಳುವ ಈ ಪ್ರಶ್ನೆಯಲ್ಲೇ ಚುಚ್ಚಿನ ಗುಟ್ಟಿದೆ.

ಬ್ರಿಟಿಷ್ ತತ್ವಶಾಸ್ತ್ರಜ್ಞ ಪಾಲ್ ಗ್ರೈಸ್ 1967ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ನೀಡಿದ ಉಪನ್ಯಾಸಗಳಲ್ಲಿ ಇದನ್ನು ವಿವರಿಸಿದ್ದರು. ಅದರ ಮುಖ್ಯ ಭಾಗ 1975ರಲ್ಲಿ ಅಚ್ಚಾಯಿತು. ಮಾತನಾಡುವ ಇಬ್ಬರು ಪರಸ್ಪರ ಸಹಕರಿಸುತ್ತಿದ್ದಾರೆ ಎಂದು ನಾವು ನಂಬಿ ನಡೆಯುತ್ತೇವೆ ಎಂಬುದು ಅವರ ವಾದದ ತಿರುಳು. ಎದುರಿನವರು ಬೇಕಾದಷ್ಟೇ ಹೇಳುತ್ತಾರೆ, ಸಂದರ್ಭಕ್ಕೆ ಸೇರಿದ್ದನ್ನೇ ಹೇಳುತ್ತಾರೆ ಎಂಬುದು ನಮ್ಮ ಎಣಿಕೆ. ಅವರು ಬೇಕಿಲ್ಲದ್ದನ್ನು ಸೇರಿಸಿದಾಗ ನಾವು ಅದನ್ನು ಸುಮ್ಮನೆ ಬಿಡುವುದಿಲ್ಲ. ಇದಕ್ಕೇನೋ ಕಾರಣವಿರಬೇಕು ಎಂದು ಆ ಕಾರಣವನ್ನು ನಾವೇ ಹುಡುಕಿಕೊಳ್ಳುತ್ತೇವೆ. ಹೇಳದೆ ಉಳಿದ ಅರ್ಥ ಹುಟ್ಟುವುದು ಹೀಗೆ.

ಶ್ವೇತಾ ಮಾಡಿದ್ದೂ ಅದನ್ನೇ. ಹಿಂದಿನ ಇಮೇಲ್ ಒಂದಿತ್ತು ಎಂಬುದು ಅವಳಿಗೆ ಗೊತ್ತಿದೆ, ಅದು ಅವಳಿಗೆ ಗೊತ್ತಿದೆ ಎಂಬುದು ಅನಿಲ್‌ಗೂ ಗೊತ್ತಿದೆ. ಗೊತ್ತಿರುವುದನ್ನೇ ಮತ್ತೆ ಹೇಳಿದ್ದಾನೆಂದರೆ ಅವನ ಉದ್ದೇಶ ಮಾಹಿತಿ ಕೊಡುವುದಲ್ಲ, ‘ಆಗಲೇ ಹೇಳಿದ್ದೆ’ ಎಂಬುದನ್ನು ಎತ್ತಿ ತೋರಿಸುವುದು ಎಂದು ಅವಳು ತೀರ್ಮಾನಿಸಿದಳು. ‘ನೀನು ಓದಿಲ್ಲ’ ಎಂಬ ವಾಕ್ಯವನ್ನು ಅನಿಲ್ ಬರೆಯಲಿಲ್ಲ. ಅದನ್ನು ಅವಳ ತಲೆಯೊಳಗೆ ಅವಳಿಂದಲೇ ಬರೆಸಿದ.

ಈ ವಿಧಾನದ ಲಾಭವೆಂದರೆ ಬರೆದವನು ಯಾವಾಗ ಬೇಕಾದರೂ ನುಣುಚಿಕೊಳ್ಳಬಹುದು. ‘ನೀವು ನನ್ನನ್ನು ಅವಮಾನಿಸಿದಿರಿ’ ಎಂದು ಶ್ವೇತಾ ಕೇಳಿದರೆ, ‘ಅಯ್ಯೋ, ಯಾವ ಮಾತಿನಲ್ಲಿ? ನಾನು ಹಾಳೆ ಕಳುಹಿಸಿದೆನಷ್ಟೇ’ ಎಂದು ಅವನು ಹೇಳಬಹುದು, ಮತ್ತು ಇಮೇಲ್ ತೆಗೆದು ನೋಡಿದವರಿಗೂ ಅದೇ ಕಾಣುತ್ತದೆ. ತಪ್ಪು ತಿಳಿದುಕೊಂಡವಳು, ಸಣ್ಣದಕ್ಕೆ ಸಿಡುಕುವವಳು ಎಂಬ ಹೆಸರು ಅವಳಿಗೇ ಅಂಟುತ್ತದೆ.

## ವಿನಯ ಏಕೆ ಬೇಕಾಯಿತು?

ನೇರವಾಗಿ ‘ಓದದೆ ಕೇಳಬೇಡಿ’ ಎಂದುಬಿಡಬಹುದಿತ್ತಲ್ಲ? ಇದಕ್ಕೆ ಉತ್ತರ ಮುಖ ಉಳಿಸಿಕೊಳ್ಳುವ ವಿಚಾರದಲ್ಲಿದೆ. ನಾಲ್ಕು ಜನರೆದುರು ನಮಗಿರುವ ಮರ್ಯಾದೆಯನ್ನು ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ 1955ರ ಒಂದು ಪ್ರಬಂಧದಲ್ಲಿ ‘ಮುಖ’ ಎಂಬ ಹೆಸರಿನಿಂದಲೇ ಚರ್ಚಿಸಿದರು. ಭಾಷಾವಿಜ್ಞಾನಿಗಳಾದ ಪೆನೆಲೊಪಿ ಬ್ರೌನ್ ಮತ್ತು ಸ್ಟೀಫನ್ ಲೆವಿನ್ಸನ್ ಅದನ್ನು ಮುಂದುವರಿಸಿ, ಜನರು ವಿನಯವನ್ನು ಹೇಗೆ ಅಳೆದು ಬಳಸುತ್ತಾರೆ ಎಂದು ತೋರಿಸಿದರು. ಅವರು ಅಧ್ಯಯನ ಮಾಡಿದ ಭಾಷೆಗಳಲ್ಲಿ ಒಂದು ನಮ್ಮ ನೆರೆಯ ತಮಿಳು. ಕೊಯಮತ್ತೂರು ಜಿಲ್ಲೆಯ ಹಳ್ಳಿಯೊಂದರ ಮಾತುಕತೆ ಅವರ ಆಕರವಾಗಿತ್ತು.

ಅವರ ಪ್ರಕಾರ ಒಂದು ಮಾತಿಗೆ ಎಷ್ಟು ವಿನಯ ಬೇಕು ಎಂಬುದನ್ನು ಮೂರು ಸಂಗತಿಗಳು ನಿರ್ಧರಿಸುತ್ತವೆ: ನಮ್ಮ ಮಾತು ಕೇಳಿಸಿಕೊಳ್ಳುವವರು ನಮಗಿಂತ ಎಷ್ಟು ಮೇಲಿನವರು, ನಮಗೆ ಎಷ್ಟು ಪರಿಚಿತರು, ನಾವು ಕೇಳುತ್ತಿರುವುದು ಎಷ್ಟು ದೊಡ್ಡ ಉಪಕಾರ. ಅನಿಲ್ ಮತ್ತು ಶ್ವೇತಾ ಸಮಾನ ದರ್ಜೆಯವರು, ಒಬ್ಬರನ್ನೊಬ್ಬರು ನೋಡಿಲ್ಲ, ಕೇಳಿದ್ದು ದಿನನಿತ್ಯದ ಕೆಲಸ. ಈ ಲೆಕ್ಕಕ್ಕೆ ಸಾಧಾರಣ ವಿನಯ ಸಾಕು. ‘ನಿಮ್ಮ ಅನುಕೂಲಕ್ಕಾಗಿ’, ‘ಸಹಾಯವಾಗುತ್ತದೆಂದು ನಂಬಿದ್ದೇನೆ’ ಎಂದು ವಿನಯ ತುಂಬಿ ತುಳುಕಿದಾಗ ಮತ್ತದೇ ಪ್ರಶ್ನೆ ಏಳುತ್ತದೆ: ಇಷ್ಟೊಂದು ಏಕೆ? ಜಗಳವಾದ ಮನೆಯಲ್ಲಿ ‘ನೀನು’ ಇದ್ದಕ್ಕಿದ್ದಂತೆ ‘ತಾವು’ ಆದರೆ ಗೌರವ ಹೆಚ್ಚಿತೆಂದು ಯಾರೂ ಹಿಗ್ಗುವುದಿಲ್ಲ.

ಇಲ್ಲೇ ಕನ್ನಡಿಗರು ಎಡವುವ ಒಂದು ಜಾಗವೂ ಇದೆ. ‘ಹಾಳೆ ಕಳುಹಿಸಿ’ ಎಂದಾಗ ನಮ್ಮ ಕ್ರಿಯಾಪದದ ಕೊನೆಯಲ್ಲೇ ಗೌರವ ಕುಳಿತಿರುತ್ತದೆ, ಬೇರೆ ಅಲಂಕಾರ ಬೇಡ. ಅದನ್ನೇ ‘ಸೆಂಡ್ ದ ಶೀಟ್’ ಎಂದು ಇಂಗ್ಲಿಷಿಗೆ ಇಳಿಸಿದರೆ ಆ ಗೌರವ ದಾರಿಯಲ್ಲೇ ಉದುರಿ ಬರೀ ಆಜ್ಞೆ ಉಳಿಯುತ್ತದೆ. ಇಂಗ್ಲಿಷಿನಲ್ಲಿ ಗೌರವವನ್ನು ‘ಕುಡ್ ಯೂ’, ‘ಜಸ್ಟ್’, ‘ವೆನ್ ಯೂ ಗೆಟ್ ಎ ಚಾನ್ಸ್’ ಎಂದು ಹೊರಗಿನಿಂದ ಸೇರಿಸಬೇಕು. ದಾವಣಗೆರೆಯ ಹುಡುಗ ಮನಸ್ಸಿನಲ್ಲಿ ಮರ್ಯಾದೆ ಇಟ್ಟುಕೊಂಡೇ ಬರೆದ ಎರಡು ಸಾಲು ಅತ್ತ ಒರಟಾಗಿ ಕಾಣಲು, ಅತ್ತಲಿನ ಅಲಂಕಾರದ ಸಾಲು ಇತ್ತ ವ್ಯಂಗ್ಯವಾಗಿ ಕೇಳಿಸಲು ಇದೇ ಕಾರಣ.

## ಸರ್ಕಾರಿ ಪತ್ರದಲ್ಲಿ ಇದೇ ಮಾತು ಏಕೆ ಚುಚ್ಚುವುದಿಲ್ಲ?

ತಾಲ್ಲೂಕು ಕಚೇರಿಯಲ್ಲಿ ಅಥವಾ ಜಿಲ್ಲಾ ಪಂಚಾಯಿತಿಯಲ್ಲಿ ಕೆಲಸ ಮಾಡುವವರು ಇಷ್ಟು ಹೊತ್ತಿಗೆ ನಕ್ಕಿರುತ್ತಾರೆ. ಅವರು ಬರೆಯುವ ಪ್ರತಿ ಪತ್ರದ ತಲೆಯ ಮೇಲೂ ‘ವಿಷಯ’ದ ಕೆಳಗೆ ‘ಉಲ್ಲೇಖ’ ಇರುತ್ತದೆ, ಅದರಲ್ಲಿ ‘ಈ ಕಚೇರಿಯ ಸಮಸಂಖ್ಯೆ ಪತ್ರ, ದಿನಾಂಕ ಇಂಥದ್ದು’ ಎಂದಿರುತ್ತದೆ. ‘ಪರ್ ಮೈ ಲಾಸ್ಟ್ ಇಮೇಲ್’ ಎಂದರೆ ಇದೇ ತಾನೇ? ‘ಜೆಂಟಲ್ ರಿಮೈಂಡರ್’ಗೆ ಅಲ್ಲಿ ನೆನಪೋಲೆ ಇದೆ, ನೆನಪೋಲೆ-1, ನೆನಪೋಲೆ-2 ಎಂದು ಸಂಖ್ಯೆ ಕೂಡ ಬೀಳುತ್ತದೆ. ‘ಲೂಪಿಂಗ್ ಇನ್’ ಬೇಕಿದ್ದರೆ ಕೊನೆಯಲ್ಲಿ ‘ಪ್ರತಿಯನ್ನು ಮಾಹಿತಿಗಾಗಿ ಸಲ್ಲಿಸಿದೆ’ ಎಂದು ಮೇಲಧಿಕಾರಿಯ ಹೆಸರು.

ಆದರೂ ಉಲ್ಲೇಖ ನೋಡಿ ಯಾವ ಗುಮಾಸ್ತರೂ ಮುಖ ಸಿಂಡರಿಸುವುದಿಲ್ಲ. ಏಕೆಂದರೆ ಅದು ಎಲ್ಲ ಪತ್ರದಲ್ಲೂ ಇರುತ್ತದೆ, ಇರಲೇಬೇಕು. ಕಡತ ಹುಡುಕಲು ಅದು ಬೇಕು. ಕಡ್ಡಾಯವಾಗಿ ಇರುವುದಕ್ಕೆ ‘ಇದು ಏಕಿದೆ?’ ಎಂಬ ಪ್ರಶ್ನೆ ಏಳುವುದಿಲ್ಲ, ಪ್ರಶ್ನೆ ಏಳದಿದ್ದರೆ ಒಳ ಅರ್ಥವೂ ಹುಟ್ಟುವುದಿಲ್ಲ. ಖಾಸಗಿ ಕಂಪನಿಯ ಇಮೇಲ್‌ನಲ್ಲಿ ಹಿಂದಿನದನ್ನು ಉಲ್ಲೇಖಿಸುವುದು ಬರೆಯುವವರ ಆಯ್ಕೆ, ಆದ್ದರಿಂದಲೇ ಅದಕ್ಕೆ ಬಣ್ಣ ಬರುತ್ತದೆ. ಇನ್ನು ಕೋಪ ತೋರಿಸಬೇಕಾದಾಗ ಸರ್ಕಾರಿ ಪತ್ರ ಅದನ್ನು ಬಚ್ಚಿಡುವುದೂ ಇಲ್ಲ. ‘ತಪ್ಪಿದಲ್ಲಿ ತಮ್ಮನ್ನೇ ನೇರ ಹೊಣೆಗಾರರನ್ನಾಗಿ ಮಾಡಲಾಗುವುದು’ ಎಂದು ಅಚ್ಚುಕಟ್ಟಾಗಿ ಹೇಳುತ್ತದೆ. ಹೆದರಿಕೆಯಾಗಬಹುದು, ಗೊಂದಲವಂತೂ ಆಗುವುದಿಲ್ಲ.

## ಈ ನಡವಳಿಕೆಗೆ ಹೆಸರು ಬಂದದ್ದು ಸೈನ್ಯದಿಂದ

ಎದುರು ನಿಂತು ಜಗಳವಾಡದೆ, ವಿನಯದ ಅಥವಾ ಸುಮ್ಮನಿರುವಿಕೆಯ ಮರೆಯಲ್ಲಿ ಸಿಟ್ಟು ತೀರಿಸಿಕೊಳ್ಳುವುದಕ್ಕೆ ‘ಪ್ಯಾಸಿವ್ ಅಗ್ರೆಷನ್’ ಎನ್ನುತ್ತಾರೆ. ಈ ಹೆಸರು ಚಲಾವಣೆಗೆ ಬಂದದ್ದು ಎರಡನೆಯ ಮಹಾಯುದ್ಧದ ಹೊತ್ತಿನ ಅಮೆರಿಕದ ಸೈನ್ಯದಲ್ಲಿ. ಮನೋವೈದ್ಯ ವಿಲಿಯಂ ಮೆನಿಂಜರ್ ಅವರ ನೇತೃತ್ವದಲ್ಲಿ ಸಿದ್ಧವಾದ 1945ರ ಒಂದು ತಾಂತ್ರಿಕ ಪ್ರಕಟಣೆ, ಆಜ್ಞೆಯನ್ನು ಬಾಯಿಬಿಟ್ಟು ಧಿಕ್ಕರಿಸದೆ, ಮುಖ ಊದಿಸಿಕೊಂಡು, ಮೊಂಡುತನ ಮಾಡಿ, ನಿಧಾನಿಸಿ, ಕೆಲಸ ಕೆಡಿಸಿ ಪ್ರತಿರೋಧಿಸುವ ಸೈನಿಕರನ್ನು ಈ ಹೆಸರಿನಿಂದ ವರ್ಣಿಸಿತು. ಸೈನ್ಯದಲ್ಲಿ ಎದುರುತ್ತರ ಕೊಟ್ಟರೆ ಶಿಕ್ಷೆ. ನೇರ ದಾರಿ ಮುಚ್ಚಿದಾಗ ಸಿಟ್ಟು ಅಡ್ಡದಾರಿ ಹುಡುಕಿತು.

1952ರಲ್ಲಿ ಅಮೆರಿಕದ ಮನೋವೈದ್ಯರ ಸಂಘದ ರೋಗಗಳ ಕೈಪಿಡಿಯ ಮೊದಲ ಆವೃತ್ತಿಗೂ ಇದು ಸೇರಿತು. ಆದರೆ ಇದು ಒಂದು ರೋಗವೋ, ಸಿಕ್ಕಿಹಾಕಿಕೊಂಡ ಮನುಷ್ಯನ ಸಹಜ ವರ್ತನೆಯೋ ಎಂಬ ವಾದ ನಿಲ್ಲಲಿಲ್ಲ. 1994ರ ಆವೃತ್ತಿ ಅದನ್ನು ಅನುಬಂಧಕ್ಕೆ ತಳ್ಳಿತು, 2013ರ ಆವೃತ್ತಿಯಲ್ಲಿ ಅದಕ್ಕೆ ಜಾಗವೇ ಇಲ್ಲ. ಆದ್ದರಿಂದ ಸಹೋದ್ಯೋಗಿಯನ್ನು ‘ಅವನು ಅಂಥವನೇ’ ಎಂದು ಹಣೆಪಟ್ಟಿ ಹಚ್ಚುವುದಕ್ಕಿಂತ, ಅವನು ನೇರವಾಗಿ ಹೇಳಲಾಗದ ಸ್ಥಿತಿ ಯಾವುದು ಎಂದು ನೋಡುವುದು ಹೆಚ್ಚು ಉಪಯುಕ್ತ. ಅನಿಲ್ ಶ್ವೇತಾಳ ಮೇಲಧಿಕಾರಿಯಲ್ಲ. ‘ಬೇಗ ಮಾಡಿ’ ಎನ್ನುವ ಅಧಿಕಾರ ಅವನಿಗಿಲ್ಲ. 11 ದಾಟಿದರೆ ಗ್ರಾಹಕರ ಬೈಗುಳ ಬೀಳುವುದು ಮಾತ್ರ ಅವನ ಮೇಲೆ.

## ನಿಜವಾದ ಚುಚ್ಚನ್ನು ಗುರುತಿಸುವುದು

ಇಮೇಲ್‌ನಲ್ಲಿ ದನಿ ಕೇಳಿಸುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಎಷ್ಟು ಕೇಳಿಸುವುದಿಲ್ಲ ಎಂಬುದನ್ನು ಮನಶ್ಶಾಸ್ತ್ರಜ್ಞರಾದ ಜಸ್ಟಿನ್ ಕ್ರೂಗರ್, ನಿಕೊಲಸ್ ಎಪ್ಲಿ ಮತ್ತಿತರರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪರೀಕ್ಷಿಸಿದರು. ಒಂದೊಂದು ಹೇಳಿಕೆಯನ್ನು ಗಂಭೀರವಾಗಿ ಇಲ್ಲವೇ ವ್ಯಂಗ್ಯವಾಗಿ ಕಳುಹಿಸಬೇಕು. ಯಾವುದು ಎಂದು ಪಡೆದವರು ಹೇಳಬೇಕು. ತಮ್ಮ ಧಾಟಿ ಶೇ 78ರಷ್ಟು ಸಲ ಸರಿಯಾಗಿ ತಲುಪುತ್ತದೆ ಎಂದು ಕಳುಹಿಸಿದವರು ನಂಬಿದ್ದರು. ದನಿಯಲ್ಲಿ ಹೇಳಿದಾಗ ಸುಮಾರು ಶೇ 73ರಷ್ಟು ತಲುಪಿತು. ಇಮೇಲ್‌ನಲ್ಲಿ ತಲುಪಿದ್ದು ಶೇ 56ರಷ್ಟು ಮಾತ್ರ. ಕಣ್ಣುಮುಚ್ಚಿ ಊಹಿಸಿದರೂ ಅರ್ಧದಷ್ಟು ಸರಿಯಾಗುವ ಪರೀಕ್ಷೆ ಇದು ಎಂಬುದನ್ನು ನೆನಪಿಡಿ. ಬರೆಯುವಾಗ ನಮ್ಮ ದನಿ ನಮ್ಮ ಕಿವಿಯಲ್ಲೇ ಮೊಳಗುತ್ತಿರುತ್ತದೆ, ಹಾಗಾಗಿ ಓದುವವರಿಗೂ ಕೇಳಿಸುತ್ತದೆ ಎಂದು ಭ್ರಮಿಸುತ್ತೇವೆ.

ಹೀಗಿರುವಾಗ ಒಂದು ವಾಕ್ಯವನ್ನು ಹಿಡಿದು ಬರೆದವರ ಮನಸ್ಸನ್ನು ಓದಲು ಹೊರಡುವುದು ಅಪಾಯ. ವಾಕ್ಯವನ್ನು ಬಿಟ್ಟು ಅದರ ಸುತ್ತ ಏನು ಬದಲಾಗಿದೆ ಎಂದು ನೋಡಬೇಕು. ಮೊದಲು ನೋಡಬೇಕಾದದ್ದು ಹೆಸರುಗಳ ಸಾಲು. ಅನಿಲ್‌ನ ಇಮೇಲ್‌ನಲ್ಲಿ ಅತ್ಯಂತ ತೂಕದ ಭಾಗ ‘ಪರ್ ಮೈ ಲಾಸ್ಟ್ ಇಮೇಲ್’ ಅಲ್ಲ, ಹೊಸದಾಗಿ ಸೇರಿದ ವ್ಯವಸ್ಥಾಪಕರ ಹೆಸರು. ಅದೇ ನುಡಿಗಟ್ಟು ಇಬ್ಬರ ನಡುವೆ ಬಂದಿದ್ದರೆ ಬಹುಮಟ್ಟಿಗೆ ಅಭ್ಯಾಸಬಲ ಎಂದು ಬಿಡಬಹುದಿತ್ತು. ಕೇಳುಗರು ಹೆಚ್ಚಿದ ಕ್ಷಣದಲ್ಲೇ ಹಿಂದಿನ ದಾಖಲೆ ಎತ್ತಿದರೆ, ಆ ಮಾತು ನಿಮಗಾಗಿ ಬರೆದದ್ದಲ್ಲ, ಅವರು ಓದಲೆಂದು ಬರೆದದ್ದು.

ಆಮೇಲೆ ಆ ವ್ಯಕ್ತಿಯ ರೂಢಿ. ಕೆಲವರು ಎಲ್ಲರಿಗೂ, ಎಲ್ಲದಕ್ಕೂ ‘ಆ್ಯಸ್ ಪರ್’ ಎಂದೇ ಬರೆಯುತ್ತಾರೆ. ಬ್ಯಾಂಕಿನ, ಲೆಕ್ಕಪರಿಶೋಧನೆಯ ಹಿನ್ನೆಲೆಯವರಲ್ಲಂತೂ ಅದು ಕೈಗೆ ಅಂಟಿದ ಬರವಣಿಗೆ. ಅವರದು ಉಲ್ಲೇಖದ ಜಾತಿಗೆ ಸೇರಿದ್ದು. ನಿತ್ಯ ‘ಹಾಯ್, ಹಾಳೆ ಸಿಕ್ಕಿತಾ?’ ಎಂದು ಬರೆಯುವವರು ಒಂದು ದಿನ ಪೂರ್ಣ ಹೆಸರು ಹಿಡಿದು, ಪೂರ್ಣವಿರಾಮ ಹಾಕಿ, ‘ರಿಗಾರ್ಡ್ಸ್’ ಎಂದು ಮುಗಿಸಿದರೆ ಆಗ ಎಚ್ಚರಗೊಳ್ಳಬೇಕು. ಚಾಟ್‌ನಲ್ಲಿ ಇದು ಇನ್ನೂ ಸೂಕ್ಷ್ಮ. ‘ಓಕೆ’ಗೂ ಚುಕ್ಕಿ ಇಟ್ಟ ‘ಓಕೆ.’ಗೂ ಇರುವ ಅಂತರ, ಗುಂಪಿನಲ್ಲಿ ಬರುವ ‘ನೋಟೆಡ್’ನ ತಣ್ಣಗಿನ ಧಾಟಿ, ಇವೆಲ್ಲ ಆ ಮನುಷ್ಯನ ಎಂದಿನ ಬರವಣಿಗೆಯ ಪಕ್ಕದಲ್ಲಿಟ್ಟರೆ ಮಾತ್ರ ಅರ್ಥ ಕೊಡುತ್ತವೆ. ಹೊಸ ಪರಿಚಯದವರ ‘ಓಕೆ.’ಯಿಂದ ಏನನ್ನೂ ತೀರ್ಮಾನಿಸಲಾಗದು. ಸರಿಯಾಗಿ ಬರೆಯಲು ಕಲಿತ ಹಿರಿಯರು ಎಲ್ಲ ವಾಕ್ಯಕ್ಕೂ ಚುಕ್ಕಿ ಇಡುತ್ತಾರೆ, ಪಾಪ.

## ಶ್ವೇತಾ ಏನು ಬರೆಯಬೇಕು?

ಅವಳ ಕೈಯಲ್ಲಿ ಈಗ ಒಂದು ಒಳ್ಳೆಯ ಅಸ್ತ್ರವಿದೆ. ‘ನಿಮ್ಮ ಹಿಂದಿನ ಇಮೇಲ್ ಅನ್ನು ಗಮನಿಸಿದರೆ ಅದರಲ್ಲಿ ಯಾವ ಲಗತ್ತೂ ಇಲ್ಲದಿರುವುದು ತಮಗೂ ಕಾಣುತ್ತದೆ’ ಎಂದು ವ್ಯವಸ್ಥಾಪಕರೆದುರೇ ಬರೆಯಬಹುದು. ರುಚಿಯಾದ ಉತ್ತರ, ಆದರೆ ದುಬಾರಿ. ಅನಿಲ್ ತನ್ನ 5ನೇ ತಾರೀಖಿನ ಇಮೇಲ್‌ನಲ್ಲಿ ಹಾಳೆ ಇದ್ದದ್ದನ್ನು ತೋರಿಸುತ್ತಾನೆ, ಮಂಜುನಾಥ ನಡುವೆ ಸಿಕ್ಕಿಬೀಳುತ್ತಾನೆ, 8ನೇ ತಾರೀಖು ಹೀಗೇ ಕಳೆಯುತ್ತದೆ, ಬಿಲ್ಲು ಹಾಗೇ ಉಳಿಯುತ್ತದೆ.

ದಾಖಲೆಯನ್ನು ಸರಿಪಡಿಸದೆ ಬಿಡುವುದೂ ತಪ್ಪು. ‘ಸಾರಿ, ಈಗಲೇ ಮಾಡುತ್ತೇನೆ’ ಎಂದು ಮುಗಿಸಿದರೆ ಅವಳು ಓದಿಲ್ಲವೆಂಬುದೇ ವ್ಯವಸ್ಥಾಪಕರ ಮನಸ್ಸಿನಲ್ಲಿ ಉಳಿಯುತ್ತದೆ. ಆದ್ದರಿಂದ ಉತ್ತರದಲ್ಲಿ ಎರಡು ಸಂಗತಿ ಇರಬೇಕು: ನಡೆದದ್ದು ಏನು ಎಂಬ ಒಂದು ಒಣ ವಾಕ್ಯ, ಕೆಲಸ ಯಾವಾಗ ಮುಗಿಯುತ್ತದೆ ಎಂಬ ಇನ್ನೊಂದು ವಾಕ್ಯ. ಹೀಗೆ:

‘ಅನಿಲ್, ಹಾಳೆ ಈಗ ತಲುಪಿತು, ಧನ್ಯವಾದ. 5ರಂದು ನನಗೆ ಬಂದದ್ದು ರಿಪ್ಲೈ ಆಗಿದ್ದರಿಂದ ಲಗತ್ತು ಬಂದಿರಲಿಲ್ಲ. ನಾನೂ 7ರಂದೇ ಕೇಳಬೇಕಿತ್ತು. ಎರಡೂ ಬಿಲ್ಲುಗಳನ್ನು ಇಂದು ಸಂಜೆ 6ರೊಳಗೆ ತಿದ್ದಿ ತಿಳಿಸುತ್ತೇನೆ.’

ಇದರಲ್ಲಿ ‘ನೀವು’ ಕರ್ತೃವಾದ ದೂರು ಒಂದೂ ಇಲ್ಲ. ತಪ್ಪು ರಿಪ್ಲೈ ಎಂಬ ಗುಂಡಿಯ ಮೇಲೆ ಹೋಯಿತು. ತನ್ನ ಪಾಲಿನದನ್ನು ಅವಳೇ ಹೇಳಿಕೊಂಡದ್ದರಿಂದ ಅನಿಲ್‌ಗೆ ಮರುದಾಳಿಗೆ ಹಿಡಿ ಸಿಗುವುದಿಲ್ಲ. ವ್ಯವಸ್ಥಾಪಕರಿಗೆ ಬೇಕಾದದ್ದು ಗಂಟೆ ಆರು, ಅದೂ ಸಿಕ್ಕಿತು. ಉತ್ತರ ಎಲ್ಲರಿಗೂ ಹೋಗಬೇಕು ಎಂಬುದು ಮುಖ್ಯ. ಆರೋಪ ನಾಲ್ಕು ಜನರೆದುರು ಬಂದಾಗ ಸ್ಪಷ್ಟನೆ ಒಬ್ಬನಿಗೇ ಹೋದರೆ ಉಳಿದ ಮೂವರ ಲೆಕ್ಕದಲ್ಲಿ ಅದು ಬಂದೇ ಇಲ್ಲ.

ಇನ್ನು ಅನಿಲ್‌ನ ಕಡೆಯಿಂದ ನೋಡಿದರೆ, ಹಿಂದಿನ ಇಮೇಲ್ ನೆನಪಿಸಲೇಬೇಕಾದ ಸಂದರ್ಭಗಳು ಇದ್ದೇ ಇರುತ್ತವೆ. ಆಗ ನುಡಿಗಟ್ಟನ್ನು ಬಿಟ್ಟು ಮಾಹಿತಿಯನ್ನೇ ಮತ್ತೆ ಕೊಡುವುದು ಸುಲಭ: ‘ಆ ಎರಡು ಬಿಲ್ಲುಗಳ ಸಂಖ್ಯೆ ಇವು, ಸರಿಯಾದ ಜಿಎಸ್‌ಟಿ ಸಂಖ್ಯೆ ಇವು, 5ರಂದು ಕಳುಹಿಸಿದ ಹಾಳೆಯೂ ಕೆಳಗಿದೆ.’ ತಾರೀಖು ಇದೆ, ದಾಖಲೆ ಉಳಿಯಿತು, ಚುಚ್ಚು ಹೋಯಿತು. ಮೇಲಧಿಕಾರಿಯನ್ನು ಸೇರಿಸುವ ಮೊದಲು ಒಂದು ಫೋನ್ ಮಾಡಿದ್ದರೆ ಇನ್ನೂ ಒಳ್ಳೆಯದಿತ್ತು. ಎರಡು ನಿಮಿಷದಲ್ಲಿ ‘ಹಾಳೆಯೇ ಬಂದಿಲ್ಲವಲ್ಲ!’ ಎಂಬ ಮಾತು ಹೊರಬೀಳುತ್ತಿತ್ತು. ಫೋನ್ ಮುಗಿದ ಮೇಲೆ ‘ಈಗ ಮಾತನಾಡಿದಂತೆ ಹಾಳೆ ಕಳುಹಿಸಿದ್ದೇನೆ, 9ರೊಳಗೆ ಆಗುತ್ತದೆ’ ಎಂದು ಒಂದು ಸಾಲಿನ ಇಮೇಲ್ ಹಾಕಿದರೆ, ಮುಂದೆ ಯಾರಾದರೂ ಕೇಳಿದಾಗ ತೋರಿಸಲು ಅಷ್ಟು ಸಾಕು.